ಉಪಸಂಹಾರದಲ್ಲಿ ಯಾರ ಮಾತು ಯಾರದು

ಮಹಾಪ್ರಬಂಧದ ಉಪಸಂಹಾರದಲ್ಲಿ ಉಲ್ಲೇಖ ಬೇಡವೆಂಬ ನಂಬಿಕೆ ಹಲವರಲ್ಲಿದೆ. ಹೊಸ ಆಕರವನ್ನು ಅಲ್ಲಿ ತರಬಾರದೆಂಬುದು ಸರಿ. ಆದರೆ ಹಿಂದಿನ ಅಧ್ಯಾಯಗಳಲ್ಲಿ ಚರ್ಚಿಸಿದ ಆಕರವನ್ನೂ ಬಿಟ್ಟರೆ ಸಂಶೋಧಕನ ಸ್ವಂತ ಫಲಿತಾಂಶ ಯಾವುದೆಂದು ತಿಳಿಯದು.

ಒಂದು ತಾಲೂಕಿನ ವೀರಗಲ್ಲುಗಳ ಮೇಲಿನ ಪ್ರಬಂಧವನ್ನು ಊಹಿಸಿಕೊಳ್ಳಬಹುದು. ಶಾಸನವಿರುವ ಕಲ್ಲುಗಳ ಪಾಠವನ್ನು ಬಿ. ಎಲ್. ರೈಸ್ 'ಎಪಿಗ್ರಾಫಿಯಾ ಕರ್ನಾಟಿಕಾ'ದಲ್ಲಿ ಆಗಲೇ ಪ್ರಕಟಿಸಿದ್ದಾರೆ. ಬರಹವಿಲ್ಲದ ಕಲ್ಲುಗಳನ್ನು ಸಂಶೋಧಕ ಊರೂರು ತಿರುಗಿ ದಾಖಲಿಸಿದ್ದಾನೆ. "ಇಲ್ಲಿನ ವೀರಗಲ್ಲುಗಳು ಹೆಚ್ಚಾಗಿ ತುರುಗಾಳಗದವು" ಎಂದಷ್ಟೇ ಬರೆದರೆ ಎರಡೂ ಬೆರೆತುಹೋಗುತ್ತವೆ. ವಾಕ್ಯದ ಕೊನೆಗೆ ರೈಸ್ ಹೆಸರು ಸೇರಿಸಿದರೆ ಇನ್ನೂ ಕೆಟ್ಟದು: ಕ್ಷೇತ್ರಕಾರ್ಯದ ಫಲವೂ ಅವರ ಲೆಕ್ಕಕ್ಕೇ ಹೋಗುತ್ತದೆ.

ವಾಕ್ಯವನ್ನು ಒಡೆಯುವುದೇ ದಾರಿ. "ಶಾಸನಸಹಿತ ಕಲ್ಲುಗಳಲ್ಲಿ ಹೆಚ್ಚಿನವು ತುರುಗಾಳಗದವೆಂದು ಪ್ರಕಟಿತ ಪಾಠಗಳಿಂದ ತಿಳಿಯುತ್ತದೆ (ರೈಸ್, ಸಂಪುಟ, ಶಾಸನಸಂಖ್ಯೆ). ಶಾಸನರಹಿತ ಕಲ್ಲುಗಳ ಶಿಲ್ಪದಲ್ಲೂ ದನಗಳ ಸಾಲು ಕಾಣುವುದನ್ನು ಈ ಅಧ್ಯಯನ ಮೊದಲಬಾರಿಗೆ ದಾಖಲಿಸಿದೆ (ಅಧ್ಯಾಯ 4)." ಉಲ್ಲೇಖ ಎರವಲು ಭಾಗಕ್ಕೆ ಅಂಟಿಕೊಂಡಿದೆ, ಸ್ವಂತ ಮಾತು ತನ್ನದೇ ಅಧ್ಯಾಯವನ್ನು ತೋರಿಸುತ್ತದೆ. 'ಮೊದಲಬಾರಿಗೆ' ಎಂಬ ಪದಕ್ಕೆ ಮಾತ್ರ ಪೂರ್ವಾಧ್ಯಯನ ಸಮೀಕ್ಷೆಯ ಆಧಾರವಿರಬೇಕು. ಇಲ್ಲದಿದ್ದರೆ ಮೌಖಿಕ ಪರೀಕ್ಷೆಯಲ್ಲಿ ಅದೇ ಮೊದಲು ಸಿಕ್ಕಿಬೀಳುತ್ತದೆ.

"ಎಂದು ಕಂಡುಬಂದಿದೆ" ಎಂಬ ಕರ್ತೃವಿಲ್ಲದ ಕ್ರಿಯಾಪದ ಇಲ್ಲಿ ದೊಡ್ಡ ಕಳ್ಳದಾರಿ. ಕಂಡದ್ದು ಯಾರಿಗೆ ಎಂದು ಪ್ರತಿ ಸಲ ಕೇಳಿಕೊಂಡರೆ ಉಲ್ಲೇಖ ಎಲ್ಲಿ ಬೇಕೆಂಬುದು ತಿಳಿಯುತ್ತದೆ. ಸಂಶೋಧಕ ತಾನೇ ಮೊದಲು ಲೇಖನವಾಗಿ ಪ್ರಕಟಿಸಿದ ಭಾಗವಿದ್ದರೆ ಅದನ್ನೂ ಉಲ್ಲೇಖಿಸಬೇಕು.