ಸರಾಸರಿ ತೆಗೆಯುವ ಮೊದಲು

ಒಂದು ವರ್ಷ ಪರೀಕ್ಷೆ ಮುಗಿದ ಮೇಲೆ ರಕ್ಷಕ-ಶಿಕ್ಷಕ ಸಂಘದ ಸಭೆಗೆಂದು ನಾವು ಎರಡು ಡಿವಿಜನ್‌ಗಳ ಗಣಿತದ ಫಲಿತಾಂಶವನ್ನು ಕರಿಹಲಗೆಯ ಮೇಲೆ ಬರೆದಿಟ್ಟಿದ್ದೆವು. ಎ ಡಿವಿಜನಿನ ಗ್ರೇಡಿನ ಸರಾಸರಿ 7, ಬಿ ಡಿವಿಜನಿನದು 6.8. ಎ ಡಿವಿಜನ್ ಮುಂದಿದೆ ಎಂದು ಹೇಳಿ ಮುಂದಿನ ವಿಷಯಕ್ಕೆ ಹೋಗುವುದರಲ್ಲಿದ್ದೆವು. ಆಗ ಹಿಂದಿನ ಬೆಂಚಿನಿಂದ ಅಡಿಕೆ ವ್ಯಾಪಾರದ ಒಬ್ಬ ತಂದೆ ಎದ್ದು ನಿಂತರು. "ಮಾಸ್ಟ್ರೇ, ನಮ್ಮ ಹುಡುಗ ಬಿಯಲ್ಲಿರುವುದು. ಅಲ್ಲಿಯ ಮಕ್ಕಳಿಗೇ ಮಾರ್ಕು ಜಾಸ್ತಿ ಅಂತ ಅವ ಹೇಳ್ತಾನೆ. ಮತ್ತೆ ಸರಾಸರಿ ಕಮ್ಮಿ ಆದದ್ದು ಹೇಗೆ?"

ಉತ್ತರ ನಮ್ಮಲ್ಲಿ ಸಿದ್ಧವಿರಲಿಲ್ಲ. ಮರುದಿನ ಅಂಕಪಟ್ಟಿಯನ್ನು ಬಿಡಿಸಿ ನೋಡಿದಾಗ ಹುಡುಗ ಹೇಳಿದ್ದೇ ಸರಿ ಎಂದು ತಿಳಿಯಿತು. ಲೆಕ್ಕ ಸುಲಭವಾಗಲೆಂದು ಇಲ್ಲಿ ಡಿವಿಜನಿಗೆ ಐದೈದೇ ಮಕ್ಕಳನ್ನು ಇಟ್ಟುಕೊಳ್ಳೋಣ. ಎ ಡಿವಿಜನಿನವರ ಅಂಕಗಳು 90, 80, 70, 60, 50. ಬಿ ಡಿವಿಜನಿನವರದು 99, 89, 79, 69, 49. ಕೇರಳದ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ 2005ರಿಂದ ಬಂದ ಗ್ರೇಡು ಪದ್ಧತಿಯಂತೆ 90 ಮತ್ತು ಅದಕ್ಕಿಂತ ಮೇಲೆ ಎ ಪ್ಲಸ್, 80ರಿಂದ ಎ, 70ರಿಂದ ಬಿ ಪ್ಲಸ್, 60ರಿಂದ ಬಿ, 50ರಿಂದ ಸಿ ಪ್ಲಸ್, 40ರಿಂದ ಸಿ. ಹೀಗೆ ಹತ್ತು ಹತ್ತರ ಮೆಟ್ಟಿಲಿಳಿದು ಕೊನೆಗೆ ಇ ತನಕ ಒಟ್ಟು ಒಂಬತ್ತು ಗ್ರೇಡುಗಳು. ಎ ಪ್ಲಸ್‌ಗೆ 9, ಎಗೆ 8, ಮುಂದೆ ಒಂದೊಂದೇ ಇಳಿದು ಇಗೆ 1 ಎಂದು ಬೆಲೆ.

ಎ ಡಿವಿಜನಿನ ಮಕ್ಕಳಿಗೆ 9, 8, 7, 6, 5. ಕೂಡಿಸಿದರೆ 35, ಸರಾಸರಿ 7. ಬಿ ಡಿವಿಜನಿನವರಿಗೆ 9, 8, 7, 6, 4. ಕೂಡಿಸಿದರೆ 34, ಸರಾಸರಿ 6.8. ಆದರೆ ಅಂಕಗಳನ್ನೇ ಕೂಡಿಸಿ ನೋಡಿರಿ: ಎ ಡಿವಿಜನಿಗೆ 350, ಬಿ ಡಿವಿಜನಿಗೆ 385. ಸರಾಸರಿ 70 ಮತ್ತು 77. ಮೇಲಿನ ನಾಲ್ವರೂ ಒಂಬತ್ತೊಂಬತ್ತು ಅಂಕ ಹೆಚ್ಚು ತಂದದ್ದನ್ನು ಗ್ರೇಡು ಕಾಣಲೇ ಇಲ್ಲ. ಐದನೆಯವನು ಒಂದು ಅಂಕ ಕಡಿಮೆ ತಂದದ್ದನ್ನು ಮಾತ್ರ ಕಂಡಿತು. ನಾವು ಕೂಡಿಸಿದ್ದರಲ್ಲಿ ತಪ್ಪಿರಲಿಲ್ಲ, ಕೂಡಿಸಲು ಹೊರಟದ್ದೇ ತಪ್ಪಾಗಿತ್ತು.

ಎ ಪ್ಲಸ್‌ಗೂ ಎಗೂ ನಡುವಿನ ಅಂತರ ಒಂದೇ ಅಂಕವೂ ಇರಬಹುದು, ಇಪ್ಪತ್ತು ಅಂಕವೂ ಇರಬಹುದು. ಗ್ರೇಡು ನಮಗೆ ತಿಳಿಸುವುದು ಯಾವುದು ಮೇಲು, ಯಾವುದು ಕೆಳಗು ಎಂಬುದನ್ನು ಮಾತ್ರ. ಎಷ್ಟು ಮೇಲು ಎಂಬುದನ್ನಲ್ಲ. ಇಂಥ ಚರಗಳನ್ನು ಕ್ರಮಸೂಚಕ ಅಥವಾ ಆರ್ಡಿನಲ್ ಎನ್ನುತ್ತಾರೆ. ಓಟದ ಪಂದ್ಯದ ಒಂದನೆಯ, ಎರಡನೆಯ, ಮೂರನೆಯ ಸ್ಥಾನಗಳೂ ಇದೇ ಜಾತಿ.

ಹಾಗಾದರೆ ಯಾವ ಲೆಕ್ಕ ಸಲ್ಲುತ್ತದೆ, ಯಾವುದು ಸಲ್ಲದು ಎಂದು ತಿಳಿಯುವುದು ಹೇಗೆ? ಅದಕ್ಕೊಂದು ಪರೀಕ್ಷೆಯಿದೆ. ನಾವು ಕೊಟ್ಟ ಸಂಖ್ಯೆಗಳನ್ನು, ಅವುಗಳ ಅರ್ಥ ಕೆಡದಂತೆ, ಬೇರೆ ಸಂಖ್ಯೆಗಳಿಗೆ ಬದಲಾಯಿಸಿ ನೋಡುವುದು. ಬದಲಾಯಿಸಿದ ಮೇಲೂ ತೀರ್ಮಾನ ನಿಂತರೆ ಅದು ವಸ್ತುವಿನ ವಿಷಯ. ಬಿದ್ದುಹೋದರೆ ಅದು ನಾವು ಹಚ್ಚಿದ ನಂಬ್ರಗಳ ವಿಷಯ ಮಾತ್ರ.

ಗ್ರೇಡಿನ ಮೇಲೆಯೇ ಇದನ್ನು ನಡೆಸೋಣ. ಒಬ್ಬಳಿಗೆ ಮೂರು ವಿಷಯಗಳಲ್ಲಿ ಎ ಪ್ಲಸ್, ಬಿ, ಬಿ. ಇನ್ನೊಬ್ಬಳಿಗೆ ಮೂರರಲ್ಲಿಯೂ ಬಿ ಪ್ಲಸ್. ರೂಢಿಯ ಬೆಲೆಯಂತೆ ಮೊದಲನೆಯವಳಿಗೆ 9, 6, 6. ಎರಡನೆಯವಳಿಗೆ 7, 7, 7. ಇಬ್ಬರಿಗೂ ಮೊತ್ತ 21. ಈಗ ಎ ಪ್ಲಸ್‌ಗೆ 9ರ ಬದಲು 10 ಎನ್ನೋಣ. ಕ್ರಮವೇನೂ ಕೆಡಲಿಲ್ಲ, ಆದರೆ ಮೊದಲನೆಯವಳು 22ರಿಂದ ಮುಂದಾದಳು. ಅದರ ಬದಲು ಎ ಪ್ಲಸ್‌ಗೆ 9 ಇರಲಿ, ಬಿಗೆ 5.5 ಎನ್ನೋಣ. ಆಗಲೂ ಕ್ರಮ ಕೆಡಲಿಲ್ಲ, ಆದರೆ ಅವಳು 20ಕ್ಕೆ ಇಳಿದು ಎರಡನೆಯವಳೇ ಮುಂದಾದಳು. ಹುಡುಗಿಯರು ಬದಲಾಗಲಿಲ್ಲ, ಉತ್ತರ ಪತ್ರಿಕೆ ಬದಲಾಗಲಿಲ್ಲ, ಗೆದ್ದವಳು ಬದಲಾದಳು! ಸರಾಸರಿ ಇಲ್ಲಿ ಪರೀಕ್ಷೆಯಲ್ಲಿ ನಪಾಸು. ಮಧ್ಯಾಂಕವನ್ನು ನೋಡಿರಿ. ಗ್ರೇಡುಗಳನ್ನು ಸಾಲಾಗಿ ಇಟ್ಟು ನಡುವಿನದನ್ನು ಆರಿಸಿದರೆ ಮೊದಲನೆಯವಳದು ಬಿ, ಎರಡನೆಯವಳದು ಬಿ ಪ್ಲಸ್. ಯಾವ ಬೆಲೆ ಹಚ್ಚಿದರೂ ಇದು ಬದಲಾಗದು. ಮಧ್ಯಾಂಕ ಮೊದಲನೆಯವಳ ಎ ಪ್ಲಸ್‌ನ ಕಡೆ ತಿರುಗಿಯೂ ನೋಡುವುದಿಲ್ಲ, ಆ ಕೊರತೆ ಅದಕ್ಕಿದೆ. ಆದರೆ ಇಲ್ಲದ್ದನ್ನು ಹೇಳುವುದಿಲ್ಲ.

ಪ್ಲಸ್ ವನ್ ಪ್ರವೇಶಕ್ಕೆ ಗ್ರೇಡಿನ ಬೆಲೆಗಳನ್ನು ಕೂಡಿಸಿ ಭಾಗಿಸಿಯೇ ಪಟ್ಟಿ ಮಾಡುತ್ತಾರಲ್ಲ ಎಂದು ಹೆತ್ತವರು ಕೇಳಬಹುದು. ಹೌದು. ಸೀಟು ಹಂಚಲು ಯಾವುದಾದರೂ ಒಂದು ನಿಯಮ ಬೇಕು, ಎಲ್ಲರಿಗೂ ಮೊದಲೇ ತಿಳಿದ ನಿಯಮವಾದರೆ ಸಾಕು. ಅದು ಒಪ್ಪಂದ. ಅಳತೆ ಎಂದು ತಿಳಿದರೆ ಮಾತ್ರ ಮೋಸಹೋಗುತ್ತೇವೆ.

ಗ್ರೇಡಿಗಿಂತಲೂ ಕೆಳಗಿನ ಮೆಟ್ಟಿಲೊಂದಿದೆ. ನಮ್ಮ ಕಡೆಯ ಒಂದು ತರಗತಿಯ ದಾಖಲೆಯಲ್ಲಿ ಮನೆಮಾತಿನ ಕಾಲಂ ಇದೆಯೆಂದು ತಿಳಿಯೋಣ. ಕನ್ನಡಕ್ಕೆ 1, ತುಳುವಿಗೆ 2, ಮಲಯಾಳಕ್ಕೆ 3, ಕೊಂಕಣಿಗೆ 4, ಮರಾಠಿಗೆ 5, ಬ್ಯಾರಿಗೆ 6 ಎಂದು ಗುರುತು. ಮೂವತ್ತು ಮಕ್ಕಳಲ್ಲಿ ಕನ್ನಡ 8, ತುಳು 12, ಮಲಯಾಳ 6, ಕೊಂಕಣಿ 2, ಮರಾಠಿ 1, ಬ್ಯಾರಿ 1. ಯಂತ್ರಕ್ಕೆ ಕೊಟ್ಟರೆ ಅದು ನಾಚಿಕೆಯಿಲ್ಲದೆ ಸರಾಸರಿ ತೆಗೆದು 2.3 ಎಂದು ಹೇಳುತ್ತದೆ. ತುಳುವಿನಿಂದ ಹೊರಟು ಮಲಯಾಳವನ್ನು ಇನ್ನೂ ಮುಟ್ಟದ ಆ ಭಾಷೆ ಯಾವುದೋ ನಾವರಿಯೆವು. ಅದೇ ಮಾತುಗಳನ್ನು ಅಕಾರಾದಿಯಾಗಿ ಕನ್ನಡ, ಕೊಂಕಣಿ, ತುಳು, ಬ್ಯಾರಿ, ಮರಾಠಿ, ಮಲಯಾಳ ಎಂದು ಬರೆದು ಹೊಸದಾಗಿ 1ರಿಂದ 6 ಕೊಟ್ಟರೆ ಸರಾಸರಿ 3.1 ಆಗುತ್ತದೆ. ಇಲ್ಲಿ ಸಂಖ್ಯೆ ಬರಿಯ ಹೆಸರು. ಆದುದರಿಂದ ಇದು ನಾಮಸೂಚಕ, ನಾಮಿನಲ್. ಮೇಲು ಕೆಳಗು ಎಂಬುದು ಇಲ್ಲದ ಕಾರಣ ಮಧ್ಯಾಂಕಕ್ಕೂ ಅರ್ಥವಿಲ್ಲ. ಸಲ್ಲುವುದು ಎಣಿಕೆ, ಶೇಕಡಾ ಮತ್ತು ಹೆಚ್ಚು ಸಲ ಬಂದದ್ದು ಯಾವುದು ಎಂಬ ಬಹುಲಕ. ಎರಡು ಪಟ್ಟಿಯಲ್ಲಿಯೂ ಬಹುಲಕ ತುಳುವೇ.

ಇನ್ನು ಮೇಲಿನ ಮೆಟ್ಟಿಲಿಗೆ ಹತ್ತೋಣ. ಪ್ರಯೋಗಶಾಲೆಯ ಉಷ್ಣತಾಮಾಪಕ ಬೆಳಿಗ್ಗೆ 24 ಡಿಗ್ರಿ, ಮಧ್ಯಾಹ್ನ 30 ಡಿಗ್ರಿ ಸೆಲ್ಸಿಯಸ್ ತೋರಿಸಿತು. ಸೆಕೆ ಶೇಕಡಾ 25 ಹೆಚ್ಚಾಯಿತು ಎನ್ನಬಹುದೇ? ಫ್ಯಾರನ್‌ಹೀಟಿಗೆ ಬದಲಾಯಿಸಿರಿ: 75.2 ಮತ್ತು 86. ಈಗ ಹೆಚ್ಚಳ ಶೇಕಡಾ 14ರ ಆಸುಪಾಸು. ಒಂದೇ ಕೋಣೆಯ ಒಂದೇ ಸೆಕೆಗೆ ಎರಡು ಶೇಕಡಾ ಆದವು, ಆದುದರಿಂದ ಎರಡೂ ಸುಳ್ಳು. ಸರಾಸರಿಯ ಗತಿ ಏನು? 24 ಮತ್ತು 30ರ ಸರಾಸರಿ 27. 75.2 ಮತ್ತು 86ರ ಸರಾಸರಿ 80.6. ಅದನ್ನು ಸೆಲ್ಸಿಯಸ್ಸಿಗೆ ತಂದರೆ ಸರಿಯಾಗಿ 27. ಸರಾಸರಿ ಪಾಸಾಯಿತು, ಶೇಕಡಾ ಬಿದ್ದಿತು.

ಕಾರಣ ಸೊನ್ನೆಯಲ್ಲಿದೆ. ಈ ಮಾಪಕದಲ್ಲಿ ಒಂದೊಂದು ಡಿಗ್ರಿಯ ಅಂತರವೂ ಸಮ, ಆದರೆ ಸೊನ್ನೆಯನ್ನು ಮನುಷ್ಯ ತನಗೆ ಅನುಕೂಲವಾದಲ್ಲಿ ಇಟ್ಟುಕೊಂಡಿದ್ದಾನೆ. ಸ್ವೀಡನಿನ ಆಂಡರ್ಸ್ ಸೆಲ್ಸಿಯಸ್ 1742ರಲ್ಲಿ ನೀರು ಕುದಿಯುವಲ್ಲಿ 0, ಹೆಪ್ಪುಗಟ್ಟುವಲ್ಲಿ 100 ಇಟ್ಟಿದ್ದ. ಅದನ್ನು ತಿರುಗಿಸಿದ್ದು ಆಮೇಲೆ. ಸೊನ್ನೆ ಡಿಗ್ರಿ ಎಂದರೆ ಬಿಸಿಯೇ ಇಲ್ಲ ಎಂದರ್ಥವಲ್ಲ. ಇದು ಅಂತರಸೂಚಕ ಅಥವಾ ಇಂಟರ್ವಲ್. ಇಸವಿಗಳೂ ಹಾಗೆಯೇ. ಕ್ರಿಸ್ತ ವರ್ಷವನ್ನೂ ಶಾಲಿವಾಹನ ಶಕವನ್ನೂ ಕೇರಳದ ಕೊಲ್ಲ ವರ್ಷವನ್ನೂ ಪಂಚಾಂಗದಲ್ಲಿ ಒಟ್ಟಿಗೆ ಕಾಣುತ್ತೇವೆ. ಸೊನ್ನೆ ಮೂರರಲ್ಲಿಯೂ ಬೇರೆ, ಆದರೆ ನಿಮ್ಮ ಅಜ್ಜನಿಗೂ ನಿಮಗೂ ಇರುವ ವಯಸ್ಸಿನ ಅಂತರ ಮೂರರಲ್ಲಿಯೂ ಒಂದೇ.

ಮಳೆಯ ಸೊನ್ನೆ ಅಂಥದ್ದಲ್ಲ. ಮಳೆಮಾಪಕದಲ್ಲಿ ಸೊನ್ನೆ ಎಂದರೆ ಮಳೆ ಬಂದಿಲ್ಲ. ಒಂದು ದಿನ 50.8 ಮಿಲಿಮೀಟರ್, ಇನ್ನೊಂದು ದಿನ 25.4 ಬಂದರೆ ಇಮ್ಮಡಿ ಎನ್ನುತ್ತೇವೆ. ಇಂಚಿಗೆ ಬದಲಾಯಿಸಿದರೆ 2 ಮತ್ತು 1, ಆಗಲೂ ಇಮ್ಮಡಿಯೇ. ಎತ್ತರ, ತೂಕ, ಹಣ, ವಯಸ್ಸು ಎಲ್ಲವೂ ಈ ಅನುಪಾತಸೂಚಕ ಅಥವಾ ರೇಷಿಯೋ ಜಾತಿ. ಇಲ್ಲಿ ಶೇಕಡಾ ಹೆಚ್ಚಳ, ಇಮ್ಮಡಿ, ಮುಮ್ಮಡಿ ಎಲ್ಲವೂ ಸಲ್ಲುತ್ತವೆ. ಪ್ರಮಾಣ ವಿಚಲನೆಯನ್ನು ಸರಾಸರಿಯಿಂದ ಭಾಗಿಸುವ ವಿಚಲನ ಗುಣಾಂಕವನ್ನು ಮೇಲಿನ ತರಗತಿಯಲ್ಲಿ ಕಲಿಯುವಿರಿ, ಅದಕ್ಕೂ ಇಂಥ ನಿಜವಾದ ಸೊನ್ನೆ ಬೇಕು. ಸಲ್ಲುತ್ತದೆ ಎಂದ ಮಾತ್ರಕ್ಕೆ ಒಳ್ಳೆಯದು ಎಂದಲ್ಲ. ನಾಲ್ಕು ಮನೆಗಳಿಗೆ ಒಂದೊಂದು ಎಕರೆ ತೋಟ, ಐದನೆಯ ಮನೆಗೆ 21 ಎಕರೆ ಇದ್ದರೆ ಸರಾಸರಿ 5 ಎಕರೆ. ಅಷ್ಟು ತೋಟವಿರುವ ಮನೆ ಅಲ್ಲಿ ಒಂದೂ ಇಲ್ಲ. ಇಂಥಲ್ಲಿ ಮಧ್ಯಾಂಕವಾದ 1 ಎಕರೆಯೇ ಆ ಊರಿನ ಚಿತ್ರ ಕೊಡುತ್ತದೆ.

ಈ ನಾಲ್ಕು ವಿಭಾಗಗಳನ್ನು ಹೀಗೆ ಹೆಸರಿಟ್ಟು ಹೇಳಿದವನು ಅಮೆರಿಕದ ಹಾರ್ವರ್ಡಿನ ಮನಶ್ಶಾಸ್ತ್ರಜ್ಞ ಎಸ್. ಎಸ್. ಸ್ಟೀವನ್ಸ್, 1946ರಲ್ಲಿ. ಅವನ ವಿಂಗಡಣೆಯನ್ನು ಎಲ್ಲರೂ ಕಣ್ಣುಮುಚ್ಚಿ ಒಪ್ಪಲಿಲ್ಲ. 1953ರಲ್ಲಿ ಫ್ರೆಡರಿಕ್ ಲಾರ್ಡ್ ಎಂಬವನು ಒಂದು ವಿನೋದದ ಲೇಖನ ಬರೆದ. ಅದರಲ್ಲಿ ಫುಟ್ಬಾಲ್ ಆಟಗಾರರ ಅಂಗಿಯ ನಂಬ್ರಗಳು ಬರಿಯ ಹೆಸರುಗಳೇ. ಆದರೂ ಹೊಸ ಹುಡುಗರು, ನಮಗೆ ಸಣ್ಣ ನಂಬ್ರಗಳನ್ನೇ ಆರಿಸಿ ಕೊಟ್ಟಿದ್ದಾರೆ ಎಂದು ದೂರುತ್ತಾರೆ. ಆ ದೂರಿನಲ್ಲಿ ಹುರುಳಿದೆಯೇ ಎಂದು ನೋಡಲು ನಂಬ್ರಗಳ ಸರಾಸರಿ ತೆಗೆಯಲೇಬೇಕಾಗುತ್ತದೆ. ಅಲ್ಲಿ ಪ್ರಶ್ನೆ ಇರುವುದು ಆಟಗಾರರ ಬಗ್ಗೆಯಲ್ಲ, ನಂಬ್ರ ಹಂಚಿದ ರೀತಿಯ ಬಗ್ಗೆ. ನಮಗೆ ಲಾರ್ಡನ ಮಾತು ಸ್ಟೀವನ್ಸನನ್ನು ಸುಳ್ಳುಮಾಡುವಂತೆ ಕಾಣುವುದಿಲ್ಲ. ಯಾವುದರ ಬಗ್ಗೆ ಕೇಳುತ್ತಿದ್ದೇವೆ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ ಎಂದು ಅದು ಹೇಳುತ್ತದೆ, ಅಷ್ಟೆ.

ಹಾಗಾದರೆ ಪರೀಕ್ಷೆಯ ಅಂಕ ಯಾವ ಜಾತಿ? ಇದು ಅಧ್ಯಾಪಕರಿಗೂ ತೊಡಕಿನ ಪ್ರಶ್ನೆ. ಸೊನ್ನೆ ಅಂಕ ಬಂದವನಿಗೆ ಏನೂ ತಿಳಿಯದು ಎಂದಲ್ಲ, ಕೇಳಿದ್ದು ತಿಳಿಯದು ಎಂದಷ್ಟೇ. ಆದುದರಿಂದ 80 ಬಂದವಳು 40 ಬಂದವಳ ಇಮ್ಮಡಿ ಬುದ್ಧಿವಂತೆ ಎನ್ನಲಾಗದು. 40ರಿಂದ 50ಕ್ಕೆ ಹೋಗುವುದೂ 85ರಿಂದ 95ಕ್ಕೆ ಹೋಗುವುದೂ ಸಮಾನ ಶ್ರಮವೇ ಎಂದು ಆಣೆಯಿಟ್ಟು ಹೇಳುವವರೂ ಇಲ್ಲ. ಆದರೂ ಒಂದೇ ಪ್ರಶ್ನೆಪತ್ರಿಕೆಯನ್ನು ಒಂದೇ ಕ್ರಮದಲ್ಲಿ ತಿದ್ದಿದಾಗ ಅಂಕಗಳನ್ನು ಅಂತರಸೂಚಕದಂತೆ ಬಳಸುವುದು ರೂಢಿ. ಪೂರ್ತಿ ಸರಿಯಲ್ಲ, ಗ್ರೇಡನ್ನು ಕೂಡಿಸುವಷ್ಟು ತಪ್ಪೂ ಅಲ್ಲ.

ಮುಂದಿನ ಸಭೆಯಲ್ಲಿ ಕರಿಹಲಗೆಯನ್ನು ಒರೆಸಿ ಹೊಸದಾಗಿ ಬರೆದೆವು. ಒಂದೊಂದು ಗ್ರೇಡು ಎಷ್ಟೆಷ್ಟು ಮಕ್ಕಳಿಗೆ, ಮಧ್ಯಾಂಕ ಎರಡೂ ಡಿವಿಜನಿಗೆ ಬಿ ಪ್ಲಸ್, ಅಂಕಗಳ ಸರಾಸರಿ 70 ಮತ್ತು 77. ಅಡಿಕೆ ವ್ಯಾಪಾರದ ಆ ತಂದೆ ಪಟ್ಟಿಯನ್ನು ಓದಿ ನಕ್ಕರು. "ನಾವು ಅಡಿಕೆಯನ್ನು ಒಂದನೇ ರಾಶಿ, ಎರಡನೇ ರಾಶಿ ಅಂತ ವಿಂಗಡಿಸ್ತೇವೆ ಮಾಸ್ಟ್ರೇ. ಮತ್ತೆ ಕೂಡಿಸುವುದು ತೂಕವನ್ನು, ರಾಶಿಯ ನಂಬ್ರವನ್ನಲ್ಲ" ಎಂದರು. 49 ಅಂಕದ ಹುಡುಗ ಅವರ ಮಗನೇ ಎಂಬುದು ನಮಗೆ ತಿಳಿದದ್ದು ಆಮೇಲೆ.