ಬುತ್ತಿಯ ಮೊಸರನ್ನ ಮಧ್ಯಾಹ್ನಕ್ಕೆ ಹುಳಿಯಾಗದಿರಲು ಏನು ಮಾಡಬೇಕು?

ಮೊಸರಿನ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯನ್ನು ಆಮ್ಲವಾಗಿಸುತ್ತಲೇ ಇರುವುದರಿಂದ ಮೊಸರನ್ನ ಹುಳಿಯಾಗುತ್ತದೆ. 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಈ ಕೆಲಸ ಬಲು ಚುರುಕು. ಬೇಸಿಗೆಯಲ್ಲಿ ಸಾದಲಿ ಕಡೆಯ ಹಿಪ್ಪುನೇರಳೆ ತೋಟಕ್ಕೆ ಬೆಳಗ್ಗೆಯೇ ಒಯ್ಯುವ ಬುತ್ತಿಗೆ ಮೊಸರಿಗಿಂತ ಹಾಲೇ ಹೆಚ್ಚಿರಬೇಕು.

ಒಂದು ಲೋಟ ಅಕ್ಕಿಗೆ ನಾಲ್ಕು ಲೋಟ ನೀರಿಟ್ಟು, ಅಗುಳು ಬೆರಳಲ್ಲಿ ಹಿಸುಕಿದರೆ ನಡುವೆ ಗಟ್ಟಿ ಉಳಿಯದಂತೆ ಬೇಯಿಸಬೇಕು. ಬಿಸಿಯಿರುವಾಗಲೇ ಮಸೆಯಬೇಕು, ಆರಿದ ಅನ್ನ ಬಿರುಸಾಗಿ ಗಂಟುಕಟ್ಟುತ್ತದೆ. ಕಾಯಿಸಿದ ಹಾಲು ಎರಡು ಲೋಟ ಸೇರಿಸಿ, ಅಗಲವಾದ ತಟ್ಟೆಯಲ್ಲಿ ಬೇಗ ಆರಿಸಬೇಕು. ಪೂರ್ತಿ ತಣ್ಣಗಾದ ಮೇಲೆ ಉಪ್ಪು, ಎರಡು ಚಮಚ ತಣ್ಣನೆಯ ಸಿಹಿ ಮೊಸರು ಬೆರೆಸಿದರೆ ಬುತ್ತಿಯಲ್ಲೇ ಹೆಪ್ಪಾಗುತ್ತಾ ಊಟದ ಹೊತ್ತಿಗೆ ಹದಕ್ಕೆ ಬರುತ್ತದೆ. ಸಾಸಿವೆ, ಉದ್ದಿನಬೇಳೆ, ಹಸಿಮೆಣಸಿನಕಾಯಿ, ಕರಿಬೇವು, ಇಂಗಿನ ಒಗ್ಗರಣೆಯನ್ನೂ ಆರಿಸಿಯೇ ಹಾಕಬೇಕು. ಲೋಳೆ ಎಳೆ ಬಂದು ಕೆಟ್ಟ ವಾಸನೆ ಹೊಡೆದರೆ ಅದು ಬರೀ ಹುಳಿಯಲ್ಲ, ಹಳಸಿದ ಅನ್ನ, ತಿನ್ನಬಾರದು.