ದಾಸ್ತಾನಿನಲ್ಲಿ ಉಳಿದ ಕೈಗೂಡದ ಲಾಭ

ಒಂದೇ ಸಂಸ್ಥೆಯ ಒಂದು ವಿಭಾಗ ಇನ್ನೊಂದು ವಿಭಾಗಕ್ಕೆ ಸರಕು ಕೊಡುವಾಗ ಅಸಲಿನ ಮೇಲೆ ಲಾಭ ಸೇರಿಸಿ ಬೆಲೆ ಹಾಕುವುದು ಸಾಮಾನ್ಯ ಪದ್ಧತಿ. ಪ್ರತಿ ವಿಭಾಗದ ಗಳಿಕೆಯನ್ನು ಬೇರೆಬೇರೆಯಾಗಿ ಅಳೆಯಲು ಇದರಿಂದ ಅನುಕೂಲವಾಗುತ್ತದೆ. ಆದರೆ ವರ್ಷದ ಕೊನೆಯಲ್ಲಿ ಆ ಸರಕಿನ ಒಂದು ಪಾಲು ಮಾರಾಟವಾಗದೆ ಉಳಿದರೆ, ಕೊಟ್ಟ ವಿಭಾಗದ ಲೆಕ್ಕದಲ್ಲಿ ಲಾಭ ಬಂದಿರುತ್ತದೆ, ಸಂಸ್ಥೆಗೆ ಮಾತ್ರ ಒಂದು ರೂಪಾಯಿಯೂ ಬಂದಿರುವುದಿಲ್ಲ. ಸರಕು ಒಂದು ಗೋದಾಮಿನಿಂದ ಇನ್ನೊಂದು ಗೋದಾಮಿಗೆ ಹೋಗಿದೆ, ಅಷ್ಟೆ. ಹೊರಗಿನ ಗಿರಾಕಿ ಕೊಂಡಾಗಲೇ ಆ ಲಾಭ ನಿಜವಾಗುವುದು. ಅಲ್ಲಿಯವರೆಗೆ ಅದು ಕೈಗೂಡದ ಲಾಭ. ಅಂತಿಮ ದಾಸ್ತಾನಿನ ಬೆಲೆಯೊಳಗೆ ಸೇರಿಕೊಂಡಿರುವ ಇಂಥ ಲಾಭವನ್ನು ಸಂಸ್ಥೆಯ ಒಟ್ಟು ಲೆಕ್ಕದಲ್ಲಿ ತೆಗೆಯಲೇಬೇಕು. ಭಾರತೀಯ ಲೆಕ್ಕಪರಿಶೋಧಕರ ಸಂಸ್ಥೆಯ ಎರಡನೇ ಲೆಕ್ಕಪತ್ರ ಮಾನದಂಡದ ಪ್ರಕಾರ, ದಾಸ್ತಾನಿಗೆ ಕಟ್ಟಬೇಕಾದ ಬೆಲೆ ಅಸಲು ಅಥವಾ ಮಾರಿದರೆ ಸಿಗುವ ನಿವ್ವಳ ಮೊತ್ತ, ಇವೆರಡರಲ್ಲಿ ಕಡಿಮೆಯಾದದ್ದು. ಇಲ್ಲಿ ಅಸಲು ಎಂದರೆ ಸಂಸ್ಥೆಗೆ ತಗಲಿದ ಖರ್ಚು. ಒಂದು ವಿಭಾಗ ಇನ್ನೊಂದಕ್ಕೆ ಹಾಕಿದ ಬೆಲೆಯನ್ನು ಅಸಲು ಎನ್ನಲಾಗದು.

ನೂಲು ತೆಗೆಯುವ ಮತ್ತು ಬಟ್ಟೆ ನೇಯುವ ಎರಡು ವಿಭಾಗಗಳಿರುವ ಒಂದು ಗಿರಣಿಯನ್ನು ಉದಾಹರಣೆಗೆ ಕಲ್ಪಿಸಿಕೊಳ್ಳಬಹುದು. ಒಂದು ಕಿಲೋ ನೂಲಿನ ಅಸಲು 200 ರೂಪಾಯಿ. ನೂಲಿನ ವಿಭಾಗ ಅದರ ಮೇಲೆ ಶೇ 25 ಲಾಭ ಸೇರಿಸಿ 250 ರೂಪಾಯಿಯಂತೆ ನೇಯ್ಗೆ ವಿಭಾಗಕ್ಕೆ ಕೊಡುತ್ತದೆ. ವರ್ಷದಲ್ಲಿ ಹೀಗೆ ಕೊಟ್ಟದ್ದು 4,000 ಕಿಲೋ, ಅಂದರೆ 10,00,000 ರೂಪಾಯಿಯ ನೂಲು. ಇದೇ ದರದಲ್ಲಿ ಹಿಂದಿನ ವರ್ಷ ಬಂದಿದ್ದ 400 ಕಿಲೋ ನೂಲು ನೇಯ್ಗೆ ವಿಭಾಗದಲ್ಲಿ ಮೊದಲೇ ಇತ್ತು. ವರ್ಷದ ಕೊನೆಗೆ ಅಲ್ಲಿ 600 ಕಿಲೋ ನೂಲು ಉಳಿದಿದೆ. ಪುಸ್ತಕದಲ್ಲಿ ಅದರ ಬೆಲೆ 1,50,000 ರೂಪಾಯಿ.

ಹೆಚ್ಚಿನವರು ಎಡವುವುದು ಈ ಹಂತದಲ್ಲೇ. ಲಾಭ ಶೇ 25 ಎಂದು ನೆನಪಿಟ್ಟುಕೊಂಡು 1,50,000ದ ಶೇ 25, ಅಂದರೆ 37,500 ರೂಪಾಯಿ ಕಳೆದುಬಿಡುತ್ತಾರೆ. ಆ ಶೇ 25 ಇರುವುದು ಅಸಲಿನ ಮೇಲೆ, ದಾಸ್ತಾನು ಇರುವುದು ವರ್ಗಾವಣೆ ಬೆಲೆಯಲ್ಲಿ. ನಾಲ್ಕು ಪಾಲು ಅಸಲಿಗೆ ಒಂದು ಪಾಲು ಲಾಭ ಸೇರಿದರೆ ಒಟ್ಟು ಐದು ಪಾಲಾಗುತ್ತದೆ. ಆದ್ದರಿಂದ ವರ್ಗಾವಣೆ ಬೆಲೆಯಲ್ಲಿ ಲಾಭ ಐದನೇ ಒಂದು ಪಾಲು. 1,50,000ದ ಐದನೇ ಒಂದು ಪಾಲು 30,000. ಕಿಲೋಗೆ 50 ರೂಪಾಯಿ ಲಾಭದಂತೆ 600 ಕಿಲೋಗೂ ಅಷ್ಟೇ ಬರುತ್ತದೆ. ಲಾಭವನ್ನು ವರ್ಗಾವಣೆ ಬೆಲೆಯ ಮೇಲೆಯೇ ಶೇ 25 ಎಂದು ನಿಗದಿ ಮಾಡಿದ್ದರೆ ಮಾತ್ರ 37,500 ಸರಿಯಾದ ಉತ್ತರ. ಯಾವುದರ ಮೇಲಿನ ಲಾಭ ಎಂಬುದನ್ನು ಮೊದಲು ಖಚಿತ ಮಾಡಿಕೊಳ್ಳದೆ ಮುಂದಿನ ಹೆಜ್ಜೆ ಇಡಬಾರದು.

ಉಳಿದ ನೂಲಿನ ಲೆಕ್ಕ ಸುಲಭ. ಕಷ್ಟ ಇರುವುದು ಆಗಲೇ ಬಟ್ಟೆಯಾಗಿಬಿಟ್ಟ ನೂಲಿನಲ್ಲಿ. ವರ್ಷದ ಆರಂಭದಲ್ಲಿ ಬಟ್ಟೆಯ ದಾಸ್ತಾನು ಇರಲಿಲ್ಲ, ಕೊನೆಯಲ್ಲಿ 2,00,000 ರೂಪಾಯಿ ವೆಚ್ಚದ ಬಟ್ಟೆ ಮಾರಾಟವಾಗದೆ ಉಳಿದಿದೆ ಎಂದುಕೊಳ್ಳೋಣ. ಈ ಇಡೀ ಮೊತ್ತದ ಐದನೇ ಒಂದು ಪಾಲನ್ನು ಕಳೆದರೆ ತಪ್ಪಾಗುತ್ತದೆ, ಏಕೆಂದರೆ ಬಟ್ಟೆಯ ವೆಚ್ಚದಲ್ಲಿ ಹೊರಗಿನಿಂದ ಕೊಂಡ ನೂಲು, ಕೂಲಿ, ಬಣ್ಣ, ವಿದ್ಯುತ್ ಎಲ್ಲವೂ ಸೇರಿವೆ. ಅವುಗಳಲ್ಲಿ ಒಳಗಿನ ಲಾಭ ಇಲ್ಲ. ಹಾಗಾಗಿ ನೇಯ್ಗೆ ವಿಭಾಗದ ವರ್ಷದ ವೆಚ್ಚದಲ್ಲಿ ಒಳಗಿನ ನೂಲಿನ ಪಾಲೆಷ್ಟು ಎಂದು ಮೊದಲು ನೋಡಬೇಕು. ಆರಂಭದ 1,00,000ಕ್ಕೆ ವರ್ಷದಲ್ಲಿ ಬಂದ 10,00,000 ಸೇರಿಸಿ, ಉಳಿದ 1,50,000 ಕಳೆದರೆ ಬಳಕೆಯಾದ ಒಳಗಿನ ನೂಲು 9,50,000. ಹೊರಗಿನ ನೂಲು 3,80,000 ಮತ್ತು ಕೂಲಿ ಮೊದಲಾದವು 5,70,000 ಎಂದಾದರೆ ಒಟ್ಟು ವೆಚ್ಚ 19,00,000. ಒಳಗಿನ ನೂಲಿನದು ಅದರಲ್ಲಿ ಸರಿಯಾಗಿ ಅರ್ಧ. ಉಳಿದ ಬಟ್ಟೆಯಲ್ಲೂ ಅದೇ ಪ್ರಮಾಣ ಹಿಡಿದರೆ ಒಳಗಿನ ನೂಲು 1,00,000, ಅದರಲ್ಲಿರುವ ಲಾಭ 20,000. ಇದು ಸರಾಸರಿಯ ಲೆಕ್ಕ. ಒಂದು ಬಗೆಯ ಬಟ್ಟೆಗೆ ಪೂರ್ತಿ ಹೊರಗಿನ ನೂಲನ್ನೇ ಬಳಸಿದ್ದು, ಉಳಿದಿರುವುದು ಆ ಬಟ್ಟೆಯೇ ಆಗಿದ್ದರೆ ಈ ಸರಾಸರಿ ದಾರಿ ತಪ್ಪಿಸುತ್ತದೆ. ಆಗ ಬಗೆವಾರು ವೆಚ್ಚದ ಪಟ್ಟಿಯನ್ನೇ ನೋಡಬೇಕು.

ನೂಲಿನಲ್ಲಿ 30,000, ಬಟ್ಟೆಯಲ್ಲಿ 20,000, ಹೀಗೆ ಒಟ್ಟು ಕೈಗೂಡದ ಲಾಭ 50,000 ರೂಪಾಯಿ. ಈ ಮೊತ್ತವನ್ನು ಸಂಸ್ಥೆಯ ಸಾಮಾನ್ಯ ಲಾಭ ನಷ್ಟ ಖಾತೆಗೆ ಖರ್ಚು ಹಾಕಿ, ದಾಸ್ತಾನು ಮೀಸಲು ಎಂಬ ಖಾತೆಗೆ ಜಮೆ ಮಾಡುತ್ತಾರೆ. ಹೆಸರು ಮೀಸಲು ಎಂದಿದ್ದರೂ ಇದು ಕೂಡಿಟ್ಟ ಹಣವಲ್ಲ. ಅಢಾವೆ ಪತ್ರಿಕೆಯಲ್ಲಿ ದಾಸ್ತಾನಿನ ಮೊತ್ತದಿಂದ ಇದನ್ನು ಕಳೆದು ತೋರಿಸುತ್ತಾರೆ. ಆಗ ನೂಲು ಮತ್ತು ಬಟ್ಟೆ ಸೇರಿದ 3,50,000 ರೂಪಾಯಿಯ ದಾಸ್ತಾನು ಅದರ ನಿಜವಾದ ಅಸಲಾದ 3,00,000ಕ್ಕೆ ಇಳಿಯುತ್ತದೆ.

ಇನ್ನರ್ಧ ಕೆಲಸ ಹಿಂದಿನ ವರ್ಷದ್ದು, ಮರೆತುಹೋಗುವುದೂ ಅದೇ. ಆರಂಭದ 400 ಕಿಲೋ ನೂಲಿನಲ್ಲಿದ್ದ 20,000 ರೂಪಾಯಿ ಲಾಭವನ್ನು ಹಿಂದಿನ ವರ್ಷವೇ ತಡೆಹಿಡಿಯಲಾಗಿತ್ತು. ಮೊದಲು ಬಂದ ಸರಕನ್ನು ಮೊದಲು ಬಳಸುವ ಕ್ರಮದಲ್ಲಿ ಆ ನೂಲು ಈ ವರ್ಷ ಬಟ್ಟೆಯಾಗಿ ಗಿರಾಕಿಯ ಕೈ ಸೇರಿದೆ, ಲಾಭ ಕೈಗೂಡಿದೆ. ಆದ್ದರಿಂದ ಆ 20,000ವನ್ನು ಈ ವರ್ಷದ ಲಾಭಕ್ಕೆ ಮರಳಿ ಸೇರಿಸಬೇಕು. ನೂಲಿನ ವಿಭಾಗದ ಲಾಭ 3,20,000, ನೇಯ್ಗೆ ವಿಭಾಗದ್ದು 2,30,000 ಎಂದಿದ್ದರೆ ಎರಡೂ ಸೇರಿ 5,50,000. ಅದಕ್ಕೆ 20,000 ಕೂಡಿಸಿ 50,000 ಕಳೆದರೆ ಸಂಸ್ಥೆಯ ಲಾಭ 5,20,000. ಆರಂಭದ ಮೀಸಲನ್ನು ಸೇರಿಸಲು ಮರೆತರೆ ಒಂದೇ ಲಾಭವನ್ನು ಎರಡು ವರ್ಷವೂ ಬಿಟ್ಟಂತಾಗುತ್ತದೆ.

ಲೆಕ್ಕ ಸರಿಯಾಗಿದೆಯೇ ಎಂದು ತಿಳಿಯಲು ರೂಪಾಯಿಯನ್ನು ಬದಿಗಿಟ್ಟು ಕಿಲೋಗಳನ್ನು ಎಣಿಸುವುದು ಒಳ್ಳೆಯ ದಾರಿ. ಮೊದಲಿದ್ದ 400 ಮತ್ತು ಬಂದ 4,000 ಸೇರಿ 4,400 ಕಿಲೋ. ನೂಲಾಗಿ ಉಳಿದದ್ದು 600, ಮಾರಾಟವಾಗದ ಬಟ್ಟೆಯೊಳಗೆ ಇರುವುದು 400. ಹಾಗಾದರೆ ಗಿರಾಕಿಗೆ ತಲುಪಿದ್ದು 3,400 ಕಿಲೋ. ಕಿಲೋಗೆ 50ರಂತೆ ಕೈಗೂಡಿದ ಲಾಭ 1,70,000. ಪುಸ್ತಕದ ಕಡೆಯಿಂದ ನೋಡಿದರೂ ಆರಂಭದ 20,000, ವರ್ಷದ ವರ್ಗಾವಣೆ ಲಾಭ 2,00,000, ಅದರಲ್ಲಿ 50,000 ಕಳೆದರೆ ಅದೇ 1,70,000 ಸಿಗುತ್ತದೆ. ಎರಡೂ ತಾಳೆಯಾಗದಿದ್ದರೆ ತಪ್ಪು ಸಾಮಾನ್ಯವಾಗಿ ಶೇಕಡಾವಾರಿನಲ್ಲೋ ಆರಂಭದ ಮೀಸಲಿನಲ್ಲೋ ಇರುತ್ತದೆ.

ಮೂರು ವಿಭಾಗಗಳ ಸರಪಳಿಯಿದ್ದರೆ ಲಾಭದ ಮೇಲೆ ಲಾಭ ಕೂಡುತ್ತದೆ. 200 ರೂಪಾಯಿಯ ನೂಲು 250ಕ್ಕೆ ಎರಡನೇ ವಿಭಾಗಕ್ಕೆ ಹೋಗಿ, ಅಲ್ಲಿಂದ ಹಾಗೆಯೇ 300ಕ್ಕೆ ಮೂರನೆಯದಕ್ಕೆ ದಾಟಿದರೆ, ಅಲ್ಲಿ ಉಳಿದ ಪ್ರತಿ ಕಿಲೋದಲ್ಲಿ 100 ರೂಪಾಯಿ ಕೈಗೂಡದ ಲಾಭವಿದೆ. ಕೊನೆಯ ವಿಭಾಗದಿಂದ ಹಿಂದಕ್ಕೆ ಬರುತ್ತಾ ಎರಡೂ ಪದರಗಳನ್ನು ತೆಗೆಯಬೇಕು.

ವಿಭಾಗದ ವ್ಯವಸ್ಥಾಪಕರಿಗೆ ಲಾಭದ ಮೇಲೆ ಕಮಿಷನ್ ಇದ್ದಾಗ ಈ ಲೆಕ್ಕ ಅವರ ಕೈಗೆ ಬರುವ ಹಣವನ್ನೂ ಮುಟ್ಟುತ್ತದೆ. ಕೈಗೂಡದ ಲಾಭ ಕಳೆದ ಮೇಲೆ ಕಮಿಷನ್ ಎಂಬ ಕರಾರಿದ್ದರೆ, ಹೊಂದಾಣಿಕೆ ಆಗಬೇಕಾದದ್ದು ಸರಕು ಕೊಟ್ಟ ವಿಭಾಗದ ಲಾಭದಲ್ಲಿ. ಮೇಲಿನ ಉದಾಹರಣೆಯಲ್ಲಿ ನೂಲಿನ ವಿಭಾಗದ 3,20,000 ಲಾಭ 2,90,000ಕ್ಕೆ ಇಳಿಯುತ್ತದೆ. ಶೇ 10ರ ಕಮಿಷನ್ 32,000ದ ಬದಲು 29,000 ಆಗುತ್ತದೆ. ಈ ಹೊಂದಾಣಿಕೆ ಇಲ್ಲದಿದ್ದರೆ, ವರ್ಷದ ಕೊನೆಯ ವಾರ ಬೇಡದ ಸರಕನ್ನು ಪಕ್ಕದ ವಿಭಾಗಕ್ಕೆ ಸಾಗಿಸಿ ಕಮಿಷನ್ ಹೆಚ್ಚಿಸಿಕೊಳ್ಳಲು ದಾರಿಯಾಗುತ್ತದೆ.

ವಿಭಾಗಗಳ ಬದಲು ತಾಯಿ ಕಂಪನಿ ಮತ್ತು ಅಂಗ ಕಂಪನಿ ಇದ್ದರೆ, ಪ್ರತಿ ಕಂಪನಿಯ ಸ್ವಂತ ಪುಸ್ತಕದಲ್ಲಿ ಆ ಲಾಭ ಹಾಗೆಯೇ ಉಳಿಯುತ್ತದೆ. ಏಕೆಂದರೆ ಕಾನೂನಿನ ಕಣ್ಣಿಗೆ ಅವು ಬೇರೆಬೇರೆ ವ್ಯಕ್ತಿಗಳು. ಎರಡನ್ನೂ ಕೂಡಿಸಿ ತಯಾರಿಸುವ ಸಮೂಹದ ಲೆಕ್ಕಪತ್ರದಲ್ಲಿ ಮಾತ್ರ ಅದನ್ನು ತೆಗೆಯುತ್ತಾರೆ.